ಪ್ರಾಪ್ ಡೆಸ್ಕ್, ಮಾರ್ಕೆಟ್ ಮೇಕಿಂಗ್: ಎರಡೂ ಒಂದೇ ಕೆಲಸವಾ?

ಪ್ರಶ್ನೆ: ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ಒಂದು ವರ್ಷದಿಂದ ಆಪ್ಷನ್ಸ್ ಟ್ರೇಡ್ ಮಾಡುತ್ತಿದ್ದೇನೆ. ಟ್ರೇಡಿಂಗ್ ಕಂಪನಿ ಸೇರಬೇಕೆಂದಿದೆ. ಪ್ರಾಪ್ ಡೆಸ್ಕ್ ಮತ್ತು ಮಾರ್ಕೆಟ್ ಮೇಕಿಂಗ್ ಒಂದೇನಾ? ಯಾವುದಕ್ಕೆ ಏನು ಕಲಿಯಬೇಕು?

ಉತ್ತರ: ಪ್ರಾಪ್ ಅಂದರೆ ಕಂಪನಿ ಗ್ರಾಹಕರ ಹಣದಲ್ಲಿ ಅಲ್ಲ, ತನ್ನದೇ ಹಣದಲ್ಲಿ ವ್ಯಾಪಾರ ಮಾಡುವುದು. ದುಡ್ಡು ಯಾರದು ಅಂತ ಹೇಳುವ ಮಾತು ಅದು. ಮಾರ್ಕೆಟ್ ಮೇಕಿಂಗ್ ಆ ದುಡ್ಡಿನಲ್ಲಿ ಏನು ಮಾಡುತ್ತಾರೆ ಅಂತ ಹೇಳುತ್ತದೆ. ಹಾಗಾಗಿ ಮಾರ್ಕೆಟ್ ಮೇಕರ್ ಕೂಡ ಹೆಚ್ಚಾಗಿ ಪ್ರಾಪ್ ಕಂಪನಿಯೇ. ಆದರೆ ಮಾಮೂಲಿ ಮಾತಿನಲ್ಲಿ ಪ್ರಾಪ್ ಟ್ರೇಡರ್ ಅಂದರೆ, ಬೆಲೆ ಯಾವ ಕಡೆ ಹೋಗುತ್ತದೆ, ಅಥವಾ ಎರಡು ಬೆಲೆಗಳ ನಡುವಿನ ಅಂತರ ಹೇಗೆ ಬದಲಾಗುತ್ತದೆ ಅಂತ ಅಂದಾಜು ಮಾಡಿ ಹಣ ಹಾಕುವವರು. ಮಾರ್ಕೆಟ್ ಮೇಕರ್‌ಗೆ ಅಂಥ ಅಂದಾಜೇ ಮುಖ್ಯ ಅಲ್ಲ. ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ಹಾಕಿಕೊಂಡು ಸಂತೆಯ ವ್ಯಾಪಾರಿಯ ಹಾಗೆ ಕೂತಿರುತ್ತಾರೆ.

ಒಂದು ಆಪ್ಷನ್‌ನ ಲೆಕ್ಕ ನೋಡೋಣ. ನಿಫ್ಟಿ ಕಾಲ್ ಒಂದನ್ನು ನೀವು 100 ರೂಪಾಯಿಗೆ ಕೊಳ್ಳುತ್ತೀರಿ, 100.20ಕ್ಕೆ ಮಾರುತ್ತೀರಿ ಅಂತ ಬೆಲೆ ಹಾಕಿದ್ದೀರಿ. ಯಾರೋ ಬಂದು 1000 ಯೂನಿಟ್ ನಿಮಗೆ ಮಾರಿ ಹೋದರು. ಈಗ ನಿಫ್ಟಿ ಬಿದ್ದರೆ ನಿಮಗೆ ನಷ್ಟ. ಈ ಆಪ್ಷನ್‌ನ ಡೆಲ್ಟಾ 0.5 ಇದೆ, ಅಂದರೆ ನಿಫ್ಟಿ 1 ಪಾಯಿಂಟ್ ಸರಿದರೆ ಇದರ ಬೆಲೆ ಸುಮಾರು ಅರ್ಧ ರೂಪಾಯಿ ಸರಿಯುತ್ತದೆ ಅಂದುಕೊಳ್ಳಿ. ಹಾಗಾದರೆ ತಕ್ಷಣ 500 ಯೂನಿಟ್ ಫ್ಯೂಚರ್ಸ್ ಮಾರಬೇಕು. ನಿಫ್ಟಿ 20 ಪಾಯಿಂಟ್ ಬಿದ್ದರೆ ಕಾಲ್‌ನಲ್ಲಿ ಸುಮಾರು 10,000 ಹೋಗುತ್ತದೆ, ಫ್ಯೂಚರ್ಸ್‌ನಲ್ಲಿ ಅಷ್ಟೇ ಬರುತ್ತದೆ. ಆಮೇಲೆ ಬೆಲೆ ಮತ್ತೆ ಮೊದಲಿನ ಮಟ್ಟಕ್ಕೆ ಬಂದು, 100.20ಕ್ಕೆ ಯಾರಾದರೂ ಕೊಂಡರೆ ಸಿಗುವುದು 200 ರೂಪಾಯಿ. 2024ರ ಅಕ್ಟೋಬರ್‌ನಲ್ಲಿ ಆಪ್ಷನ್ ಮಾರಾಟದ ಮೇಲಿನ ಎಸ್‌ಟಿಟಿ ತೆರಿಗೆ ಪ್ರೀಮಿಯಂನ, ಅಂದರೆ ಆಪ್ಷನ್ ಬೆಲೆಯ, 0.1% ಆಯಿತು. ಆ ದರದಲ್ಲೇ ಲೆಕ್ಕ ಹಾಕಿದರೂ ಅರ್ಧ, ಅಂದರೆ 100 ರೂಪಾಯಿ, ಅಲ್ಲೇ ಹೋಯಿತು. ಫ್ಯೂಚರ್ಸ್ ಖರ್ಚು ಬೇರೆ. ಇಷ್ಟು ಸಣ್ಣ ಲಾಭವನ್ನು ದಿನಕ್ಕೆ ಸಾವಿರಾರು ಸಲ ಮಾಡಬೇಕು. ಕೈಯಲ್ಲಿ ಆಗದ ಕೆಲಸ ಇದು, ಅದಕ್ಕೇ ಇಲ್ಲಿ C++ ಬರೆಯುವವರಿಗೆ ಅಷ್ಟು ಬೆಲೆ.

ಆದರೆ ಕೋಡ್‌ಗಿಂತ ಕಷ್ಟದ್ದು ಇನ್ನೊಂದಿದೆ. ನಿಮಗೆ ಮಾರಲು ಬಂದವನಿಗೆ ನಿಮಗಿಂತ ಜಾಸ್ತಿ ಗೊತ್ತಿದ್ದರೆ? ಸಂದರ್ಶನದಲ್ಲಿ ಇದನ್ನೇ ದಾಳದ ಆಟದಲ್ಲಿ ಪರೀಕ್ಷೆ ಮಾಡುತ್ತಾರೆ. ಎರಡು ದಾಳಗಳ ಮೊತ್ತಕ್ಕೆ ಬೆಲೆ ಹಾಕು ಅನ್ನುತ್ತಾರೆ. ಸರಾಸರಿ 7. ನೀವು ‘6ಕ್ಕೆ ಕೊಳ್ಳುತ್ತೇನೆ, 8ಕ್ಕೆ ಮಾರುತ್ತೇನೆ’ ಅನ್ನುತ್ತೀರಿ. ಎದುರಿಗೆ ಕೂತವರು ಒಂದು ದಾಳವನ್ನು ಕದ್ದು ನೋಡಿ ‘8ಕ್ಕೆ ಕೊಂಡೆ’ ಅನ್ನುತ್ತಾರೆ. ಈಗ ನಿಮ್ಮ ಹೊಸ ಬೆಲೆ ಏನು?

ಇನ್ನೊಂದು ದಾಳದ ಸರಾಸರಿ 3.5. ಹಾಗಾಗಿ ಅವರು ಕಂಡದ್ದು 5 ಅಥವಾ 6 ಆಗಿದ್ದರೆ ಮಾತ್ರ 8 ಕೊಡುವುದು ಲಾಭ. ಅಂದರೆ ಈಗಿನ ಸರಾಸರಿ 9. ಮತ್ತೆ 6 ಮತ್ತು 8 ಅಂತಲೇ ಕೂತವರು ಅಲ್ಲೇ ಸೋಲುತ್ತಾರೆ. ನಾನೂ ಮೊದಲ ಸಲ ಹಾಗೇ ಕೂತಿದ್ದೆ. ‘ನಾನು ಯಾಕೆ ಕೊಂಡೆ ಅಂತ ಯೋಚನೆ ಮಾಡಲಿಲ್ಲ ಅಲ್ವಾ?’ ಅಂತ ಅವರು ನಕ್ಕರು. ಕೆಲಸ ಸಿಗಲಿಲ್ಲ.

ಅಂದಾಜಿನ ಮೇಲೆ ನಡೆಯುವ ಡೆಸ್ಕ್‌ಗಳಲ್ಲಿ ಬೇಕಾದದ್ದು ಬೇರೆ. ಒಂದು ಐಡಿಯಾವನ್ನು ಹಳೆಯ ಡೇಟಾದ ಮೇಲೆ ಓಡಿಸಿ, ಅದು ಖರ್ಚು ಕಳೆದ ಮೇಲೂ ನಿಲ್ಲುತ್ತದಾ ನೋಡಬೇಕು. ಪೈಥಾನ್, ಸಂಖ್ಯಾಶಾಸ್ತ್ರ ಇಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತವೆ. ಇಪ್ಪತ್ತು ತರದ ಪ್ಯಾರಾಮೀಟರ್ ಹಾಕಿ, ಗೆದ್ದ ಒಂದನ್ನು ಮಾತ್ರ ತೋರಿಸುವ ಚಟ ಇಲ್ಲಿ ಮಾಮೂಲು. ಲೆಕ್ಕಕ್ಕೆ ಹಿಡಿದ ದಿನಗಳನ್ನು ಸ್ವಲ್ಪ ಬದಲಿಸಿದರೆ, ಉದಾಹರಣೆಗೆ 20 ದಿನದ ಸರಾಸರಿಯನ್ನು 22 ಮಾಡಿದರೆ ಲಾಭ ಮಾಯವಾದರೆ, ಅದು ಐಡಿಯಾ ಅಲ್ಲ, ಕಾಕತಾಳೀಯ.

ಯಂತ್ರ ಕೈಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನುವ ಟ್ರೇಡಿಂಗ್ ಕಂಪನಿಯ ಉದಾಹರಣೆ ಇದೆ. 2012ರ ಆಗಸ್ಟ್ 1ರಂದು ಅವರ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಮಾತ್ರ ಹೊಸ ಕೋಡ್ ಹಾಕಿರಲಿಲ್ಲ. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ಹೋಯಿತು. ಅದಕ್ಕೇ ಒಂದು ಮಿತಿ ಮೀರಿದರೆ ಆರ್ಡರ್‌ಗಳನ್ನೇ ನಿಲ್ಲಿಸುವ ರಿಸ್ಕ್ ತಂಡಗಳೂ ಇರುತ್ತವೆ. ಅದೂ ಒಳ್ಳೆಯ ಕೆಲಸವೇ, ಆದರೆ ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ನಿಮ್ಮ ಒಂದು ವರ್ಷದ ಟ್ರೇಡಿಂಗ್ ಬಗ್ಗೆ: ಸೆಬಿ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಎಫ್ ಅಂಡ್ ಒ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್, ಟ್ರೇಡ್ ಮಾಡಿದ ಸಾಮಾನ್ಯ ಜನರಲ್ಲಿ 93% ನಷ್ಟ ಅನುಭವಿಸಿದರು. ಅದೇ ಅಧ್ಯಯನದಲ್ಲಿ 2023–24ರಲ್ಲಿ ಪ್ರಾಪ್ ಟ್ರೇಡರ್‌ಗಳ ಲಾಭದ 96% ಬಂದದ್ದು ಅಲ್ಗೋಗಳಿಂದ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಮಾಡುವ ಟ್ರೇಡ್‌ಗಳಿಂದ. ಹಾಗಾಗಿ ನಿಮ್ಮ ಲಾಭದ ಸ್ಕ್ರೀನ್‌ಶಾಟ್ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಪ್ರತಿ ಟ್ರೇಡ್‌ನ ಕಾರಣ, ಗಾತ್ರ, ಖರ್ಚು ಬರೆದಿಟ್ಟ ಒಂದು ಶೀಟ್ ಇದ್ದರೆ ಅದನ್ನು ತೆಗೆದುಕೊಂಡು ಹೋಗಿ, ಸೋತವನ್ನೂ ಸೇರಿಸಿ. ಇನ್ನು ‘ನಮ್ಮಲ್ಲಿ ಪ್ರಾಪ್ ಟ್ರೇಡರ್ ಆಗಿ’ ಅಂತ ಕರೆದು ಮೊದಲು ಡೆಪಾಸಿಟ್ ಕಟ್ಟಿ ಅನ್ನುವವರಿದ್ದಾರೆ. ಅಲ್ಲಿ ಸೋತಾಗ ಮೊದಲು ಕರಗುವುದು ನಿಮ್ಮ ಡೆಪಾಸಿಟ್ಟೇ.