ಸೋತಾಗೆಲ್ಲ ಪಣ ಇಮ್ಮಡಿ: ವೆನಿಸ್‌ನಿಂದ ಮೊಬೈಲ್‌ವರೆಗೆ ಸೋಲುತ್ತಲೇ ಬಂದ ಒಂದು ಲೆಕ್ಕ

1754ರ ವೆನಿಸ್. ಕಾರ್ನಿವಲ್ ಹಬ್ಬದ ದಿನಗಳಲ್ಲಿ ಊರಿನ ಸರ್ಕಾರಿ ಜೂಜುಮನೆ ರಿಡೊಟ್ಟೊದಲ್ಲಿ ಸಾಹಸಿಯೂ ಬರಹಗಾರನೂ ಆದ ಜಾಕೊಮೊ ಕ್ಯಾಸನೋವಾ ದಿನವೂ ಇಸ್ಪೀಟು ಆಡುತ್ತಿದ್ದ. ಹಣದಲ್ಲಿ ಬಹುಪಾಲು ಅವನ ಪ್ರೇಯಸಿಯದು. ಅವನು ಅನುಸರಿಸುತ್ತಿದ್ದ ಕ್ರಮ ಸರಳ: ಸೋತರೆ ಮುಂದಿನ ಪಣ ಇಮ್ಮಡಿ, ಮತ್ತೆ ಸೋತರೆ ಅದರ ಇಮ್ಮಡಿ, ಗೆದ್ದ ಕೂಡಲೇ ಮೊದಲಿನ ಸಣ್ಣ ಪಣಕ್ಕೆ ವಾಪಸ್. ಹಬ್ಬ ಮುಗಿಯುವವರೆಗೂ ಪ್ರತಿದಿನ ಗೆದ್ದೆ ಎಂದು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಹೀಗೆ ಇಮ್ಮಡಿಸುತ್ತ ಹೋದಾಗ ಆರನೆಯ ಎಲೆ ಒಮ್ಮೆಯೂ ಕೈಕೊಡಲಿಲ್ಲ, ಕೊಟ್ಟಿದ್ದರೆ ಮುಂದೆ ಆಡಲು ಹಣವೇ ಇರುತ್ತಿರಲಿಲ್ಲ, ಏಕೆಂದರೆ ಆ ಎಲೆಯ ಮೇಲಿನ ಪಣವೇ ಎರಡು ಸಾವಿರ ಚಿನ್ನದ ನಾಣ್ಯ ಎಂದೂ ಸೇರಿಸಿದ್ದಾನೆ. ಕೆಲವು ಪುಟಗಳಾಚೆ ಅದೇ ಕ್ರಮದಲ್ಲಿ ಆಡಿ ಎಲ್ಲವನ್ನೂ ಕಳೆದುಕೊಂಡ. ಕೊನೆಗೆ ಪ್ರೇಯಸಿಯ ವಜ್ರಗಳನ್ನೂ ಮಾರಿ, ಆ ಹಣವನ್ನೂ ಸೋತ.

ಫ್ರಾನ್ಸ್‌ನಲ್ಲಿ ಈ ಆಟಕ್ರಮವನ್ನು ‘ಮಾರ್ಟಿಂಗೇಲ್’ ಎನ್ನುತ್ತಿದ್ದರು. ನಮ್ಮಲ್ಲಿ ಈ ಹೆಸರು ಗೊತ್ತಿಲ್ಲದವರಿಗೂ ಕ್ರಮ ಗೊತ್ತು. ಜಾತ್ರೆಯ ಅಂದರ್ ಬಾಹರ್‌ನಲ್ಲಿ ‘ಡಬಲ್ ಮಾಡ್ತಾ ಹೋಗು, ಒಂದ್ಸಲ ಬಂದ್ರೆ ಎಲ್ಲಾ ವಾಪಸ್ಸು’ ಎನ್ನುವವರು ಸಿಗುತ್ತಾರೆ. ಕೆಂಪು-ಹಸಿರು ಬಣ್ಣ ಊಹಿಸುವ ಮೊಬೈಲ್ ಆಟಗಳ ಗುಂಪುಗಳಲ್ಲಿ ಇದೇ ಕ್ರಮಕ್ಕೆ ‘ಲೆವೆಲ್’ ಎಂದು ಹೆಸರು: ಏಳು ಲೆವೆಲ್‌ಗೆ ಸಾಕಾಗುವಷ್ಟು ಹಣ ಇಟ್ಟುಕೊಳ್ಳಿ, ಸೋಲುವ ಮಾತೇ ಇಲ್ಲ ಎನ್ನುತ್ತಾರೆ. ನಂಬಿದವರನ್ನು ದಡ್ಡರೆಂದು ನಾನು ಹೇಳಲಾರೆ. ಮೊದಲ ನೋಟಕ್ಕೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಮೊದಲ ಕೆಲವು ದಿನ ಸರಿಯಾಗಿಯೇ ನಡೆಯುತ್ತದೆ. ಎಡವುವುದು ಎಲ್ಲಿ ಎಂಬುದನ್ನು ಅಂಕಿಯಲ್ಲೇ ನೋಡಬೇಕು.

ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತದೆ ಎಂದು ಪಣ ಕಟ್ಟುವ ರೂಲೆಟ್ ಮೇಜನ್ನೇ ತೆಗೆದುಕೊಳ್ಳೋಣ. ಯುರೋಪಿನ ಚಕ್ರದಲ್ಲಿ 37 ಮನೆಗಳು: 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಕೆಂಪಿನ ಮೇಲೆ ನೂರು ಕಟ್ಟಿ ಗೆದ್ದರೆ ನಿಮ್ಮ ನೂರರ ಜೊತೆ ಇನ್ನೊಂದು ನೂರು ಬರುತ್ತದೆ. ಗೆಲ್ಲುವ ಮನೆ 18, ಸೋಲುವ ಮನೆ 19. ಕ್ಯಾಸಿನೊದ ಪಾಲು ಅಡಗಿರುವುದು ಆ ಒಂದು ಮನೆಯ ವ್ಯತ್ಯಾಸದಲ್ಲೇ: ಕಟ್ಟಿದ ಪ್ರತಿ ರೂಪಾಯಿಯ 37ನೇ ಒಂದು ಭಾಗ, ಅಂದರೆ ಶೇ 2.7.

ನಮ್ಮ ಮೇಜಿನಲ್ಲಿ ಕನಿಷ್ಠ ಪಣ 100 ರೂಪಾಯಿ, ಗರಿಷ್ಠ 10,000 ಎಂದಿರಲಿ. ಇಮ್ಮಡಿಸುತ್ತಾ ಹೋದರೆ ಪಣಗಳು 100, 200, 400, 800, 1,600, 3,200, 6,400. ಎಂಟನೆಯದು 12,800 ಆಗಬೇಕು, ಅದನ್ನು ಮೇಜು ತೆಗೆದುಕೊಳ್ಳುವುದಿಲ್ಲ. ಇವುಗಳಲ್ಲಿ ಯಾವ ಪಣ ಗೆದ್ದರೂ ಹಿಂದಿನದೆಲ್ಲ ತೀರಿ ಕೈಯಲ್ಲಿ ಉಳಿಯುವುದು ಸರಿಯಾಗಿ 100 ರೂಪಾಯಿ. ಏಳೂ ಸೋತರೆ ಹೋಗುವುದು 12,700. ಗೆಲುವು ಬರುವವರೆಗಿನ ಅಥವಾ ಏಳೂ ಸೋಲುವವರೆಗಿನ ಆಟವನ್ನು ಒಂದು ಸರಣಿ ಎನ್ನೋಣ.

ಮೊದಲು ಸೊನ್ನೆಯನ್ನು ಬದಿಗಿಟ್ಟು, ಚಕ್ರದ ಬದಲು ಮೋಸವಿಲ್ಲದ ನಾಣ್ಯವೊಂದನ್ನು ಚಿಮ್ಮಿ ನೋಡಿ. ಏಳು ಸಲ ಸತತ ಸೋಲುವ ಸಾಧ್ಯತೆ 128ಕ್ಕೆ ಒಂದು. ಅಂದರೆ ಸರಾಸರಿ 128 ಸರಣಿಗಳಲ್ಲಿ 127 ಗೆದ್ದು ತಲಾ ನೂರರಂತೆ 12,700 ಸಂಪಾದಿಸುತ್ತೀರಿ, ಒಂದು ಸೋತು 12,700 ಕಳೆಯುತ್ತೀರಿ. ಒಂದು ಪೈಸೆ ಆಚೀಚೆ ಇಲ್ಲ. ಇಷ್ಟೆಲ್ಲ ಇಮ್ಮಡಿಸಿದ ಮೇಲೂ ಸಮಸಮದ ಆಟ ಸಮಸಮವಾಗಿಯೇ ಉಳಿಯಿತು. ಈ ಕ್ರಮ ಹೊಸದಾಗಿ ಹಣ ಹುಟ್ಟಿಸುವುದಿಲ್ಲ. ಹತ್ತಾರು ಸಣ್ಣ ಸೋಲುಗಳನ್ನು ಒಟ್ಟುಗೂಡಿಸಿ ಅಪರೂಪದ ಒಂದು ದೊಡ್ಡ ಸೋಲಾಗಿ ಮುಂದಕ್ಕೆ ತಳ್ಳುತ್ತದೆ, ಅಷ್ಟೇ.

ಈಗ ಸೊನ್ನೆಯನ್ನು ಚಕ್ರಕ್ಕೆ ವಾಪಸ್ ಸೇರಿಸಿ. ಏಳು ಸತತ ಸೋಲಿನ ಸಾಧ್ಯತೆ 128ಕ್ಕೆ ಒಂದರಿಂದ ಸುಮಾರು 106ಕ್ಕೆ ಒಂದಕ್ಕೆ ಏರುತ್ತದೆ. 105 ಗೆಲುವಿನಿಂದ 10,500 ಬಂದರೆ, ಒಂದು ಸೋಲಿನಿಂದ 12,700 ಹೋಗುತ್ತದೆ. ಒಂದು ಸರಣಿಗೆ ಸರಾಸರಿ ಎರಡು ಸುತ್ತು ಸಾಕು. ಗಂಟೆಗೆ 40 ಸುತ್ತು ತಿರುಗುವ ಮೇಜಿನಲ್ಲಿ 106 ಸರಣಿ ಎಂದರೆ ಐದೂವರೆ ಗಂಟೆಯ ಆಟ. ‘ಏಳು ಸಲ ಸತತ ಯಾರು ಸೋಲ್ತಾರೆ’ ಎಂಬ ಮಾತಿನಲ್ಲಿರುವ ಅಪರೂಪದ ಘಟನೆ ಒಂದು ಸಂಜೆಯಷ್ಟೇ ದೂರದಲ್ಲಿದೆ.

ಲೆಕ್ಕದ ಮೇಲೆ ನಂಬಿಕೆ ಬಾರದಿದ್ದರೆ ಕಂಪ್ಯೂಟರ್‌ನಲ್ಲಿ ಆಡಿಸಿ ನೋಡಬಹುದು. ಕೆಳಗಿನ ಪೈಥಾನ್ ಕೋಡ್‌ನಲ್ಲಿ ಹತ್ತು ಸಾವಿರ ಆಟಗಾರರು ಇದೇ ಮೇಜಿಗೆ ಬರುತ್ತಾರೆ. ಪ್ರತಿಯೊಬ್ಬರೂ 12,700 ರೂಪಾಯಿ ತಂದಿದ್ದಾರೆ. ನೂರು ಸರಣಿ ಗೆದ್ದು 10,000 ಲಾಭ ಮಾಡಿಕೊಂಡರೆ ಎದ್ದು ಹೋಗುತ್ತಾರೆ, ನಡುವೆ ಏಳು ಸಲ ಸತತ ಸೋತರೂ ಎದ್ದು ಹೋಗುತ್ತಾರೆ.

```python
import random

def play():
    money = 0
    for _ in range(100):
        bet = 100
        while bet <= 10000:
            if random.randrange(37) < 18:
                money += bet
                break
            money -= bet
            bet *= 2
        else:
            return money
    return money

r = [play() for _ in range(10000)]
print(sum(x == 10000 for x in r), sum(r) / len(r))
```

ಮೊದಲ ಅಂಕಿ ಎಷ್ಟು ಮಂದಿ ಗುರಿ ಮುಟ್ಟಿದರು ಎಂಬುದು, ಎರಡನೆಯದು ತಲಾ ಸರಾಸರಿ ಲಾಭ ಅಥವಾ ನಷ್ಟ. ಪ್ರತಿ ಸಲ ಓಡಿಸಿದಾಗಲೂ ಫಲಿತಾಂಶ ತುಸು ಬದಲಾಗುತ್ತದೆ, ಆದರೆ ಗುರಿ ಮುಟ್ಟಿದವರು 3,880ರ ಆಸುಪಾಸಿನಲ್ಲೇ ಇರುತ್ತಾರೆ. ಸರಾಸರಿ ನಷ್ಟ 1,330 ರೂಪಾಯಿಯ ಸುತ್ತಮುತ್ತ ನಿಲ್ಲುತ್ತದೆ. ಕೋಡ್‌ನಲ್ಲಿರುವ 100 ಸರಣಿಯನ್ನು 10 ಮಾಡಿ, ಕೊನೆಯ ಸಾಲಿನ ಗುರಿಯನ್ನು 1000ಕ್ಕೆ ಇಳಿಸಿ ನೋಡಿ: ನೂರರಲ್ಲಿ 91 ಮಂದಿ ಗೆದ್ದು ಹೋಗುತ್ತಾರೆ. ಊರಿಗೆ ಮರಳಿ ‘ಈ ಕ್ರಮ ನಡೆಯುತ್ತೆ, ನಾನೇ ಆಡಿದ್ದೇನೆ’ ಎಂದು ಹೇಳುವವರು ಈ 91 ಮಂದಿ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಮಾತು ನಂಬಿ ಮುಂದುವರಿಸುವವರಿಗೆ ಮಾತ್ರ ಪ್ರತಿ ಸರಣಿಯೂ ಹೊಸ ಅಪಾಯ.

ನನಗೆ ಎಲ್ಲಕ್ಕಿಂತ ಹೆಚ್ಚು ಕಣ್ಣು ತೆರೆಸಿದ್ದು ಮುಂದಿನ ಹೋಲಿಕೆ. ಅದೇ 10,000 ಗೆಲ್ಲುವ ಗುರಿಯಿದ್ದವನು ಮೇಜಿನ ಗರಿಷ್ಠ ಪಣವಾದ 10,000ವನ್ನು ಒಂದೇ ಏಟಿಗೆ ಕೆಂಪಿನ ಮೇಲೆ ಇಟ್ಟಿದ್ದರೆ? ಗೆಲ್ಲುವ ಸಾಧ್ಯತೆ 37ರಲ್ಲಿ 18, ಅಂದರೆ ನೂರಕ್ಕೆ 48.6. ಐದು ಗಂಟೆ ಕೂತು ಎಚ್ಚರಿಕೆಯಿಂದ ಇಮ್ಮಡಿಸಿದವನದು 38.8. ಕಾರಣ ಹುಡುಕಬೇಕಾದದ್ದು ಮೇಜಿನ ಮೇಲೆ ಓಡಾಡಿದ ಹಣದಲ್ಲಿ. ಒಂದೇ ಏಟಿನವನು ಕಟ್ಟಿದ್ದು 10,000. ಇಮ್ಮಡಿಸಿದವನು ನೂರರಿಂದ ಶುರು ಮಾಡಿದ್ದರೂ ಎಲ್ಲ ಪಣ ಕೂಡಿದರೆ ಸರಾಸರಿ 49,000ಕ್ಕೂ ಹೆಚ್ಚು ಕಟ್ಟಿರುತ್ತಾನೆ. ಕ್ಯಾಸಿನೊ ಪ್ರತಿ ಪಣದಿಂದಲೂ 37ನೇ ಒಂದು ಭಾಗ ಮುರಿದುಕೊಳ್ಳುತ್ತದೆ. ಆ 1,330 ರೂಪಾಯಿ ನಷ್ಟ ಬಂದದ್ದು ಇಲ್ಲಿಂದಲೇ. ಪಣ ಚಿಕ್ಕದೋ ದೊಡ್ಡದೋ, ಹಿಂದಿನದು ಗೆದ್ದಿತ್ತೋ ಸೋತಿತ್ತೋ, ಆ ಪಾಲು ಬದಲಾಗದು. ಆಟ ಆಡುವವನಿಗೆ ಪ್ರತಿಕೂಲವಾಗಿದ್ದಾಗ ಗುರಿ ಮುಟ್ಟಲು ಧೈರ್ಯದಿಂದ ದೊಡ್ಡದಾಗಿ ಕಟ್ಟುವುದೇ ಇರುವುದರಲ್ಲಿ ಒಳ್ಳೆಯದು ಎಂಬುದನ್ನು ಲೆಸ್ಟರ್ ಡುಬಿನ್ಸ್ ಮತ್ತು ಲಿಯೊನಾರ್ಡ್ ಸ್ಯಾವೇಜ್ ಎಂಬ ಗಣಿತಜ್ಞರು 1965ರಲ್ಲಿ ವಿವರವಾಗಿ ತೋರಿಸಿದರು. ದೊಡ್ಡದಾಗಿ ಕಟ್ಟಿ ಎಂಬ ಸಲಹೆಯಾಗಿ ಇದನ್ನು ಓದಬಾರದು. ಆ ದಾರಿಯಲ್ಲೂ ಸೋಲುವವರೇ ಹೆಚ್ಚು.

ಇಲ್ಲಿ ಬಹಳ ಮಂದಿ ಎತ್ತುವ ಮಾತೊಂದಿದೆ: ಮೇಜಿಗೆ ಗರಿಷ್ಠ ಮಿತಿ ಇಟ್ಟಿರುವುದೇ ನಮ್ಮನ್ನು ಸೋಲಿಸಲು, ಮಿತಿ ತೆಗೆದರೆ ನಾವೇ ಗೆಲ್ಲುವುದು. ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಿ ನೋಡೋಣ. ಈಗ ಹತ್ತು ಪಣ ಕಟ್ಟಬಹುದು, ಕೊನೆಯ ಪಣ 51,200. ಹತ್ತೂ ಸೋಲುವ ಸಾಧ್ಯತೆ 784ಕ್ಕೆ ಒಂದು, ಹಾಗಾಗಿ ಗೆಲುವಿನ ದಿನಗಳು ಹೆಚ್ಚುತ್ತವೆ. ಆದರೆ ಸೋಲು ಬಂದ ದಿನ ಹೋಗುವುದು 1,02,300. ಹತ್ತು ಸಾವಿರದ ಮಿತಿಯಲ್ಲಿ ಪ್ರತಿ ಸರಣಿಯ ಸರಾಸರಿ ನಷ್ಟ ಇಪ್ಪತ್ತೂವರೆ ರೂಪಾಯಿ ಇದ್ದದ್ದು, ಲಕ್ಷದ ಮಿತಿಯಲ್ಲಿ ಮೂವತ್ತೂವರೆಗೆ ಏರುತ್ತದೆ. ಮಿತಿ ಸಡಿಲವಾದಷ್ಟೂ ಮೇಜಿನ ಮೇಲೆ ಓಡುವ ಹಣ ಹೆಚ್ಚು, ಕ್ಯಾಸಿನೊದ ಪಾಲೂ ಹೆಚ್ಚು. ಇನ್ನು ಹೆಚ್ಚಿನವರಿಗೆ ಮೇಜಿನ ಮಿತಿಗಿಂತ ಮೊದಲು ಎದುರಾಗುವುದು ಜೇಬಿನ ಮಿತಿ. 5,000 ತಂದವನು ಐದು ಪಣದವರೆಗೆ 3,100 ಕಟ್ಟಬಲ್ಲ, ಆರನೆಯ 3,200ಕ್ಕೆ ಕೈಯಲ್ಲಿರುವುದು 1,900. ಐದು ಸತತ ಸೋಲು 28 ಸರಣಿಗೊಮ್ಮೆ ಬರುತ್ತದೆ, ಅಂದರೆ ಗಂಟೆ ಒಂದೂವರೆಯಲ್ಲಿ.

ಸೋಲಿನ ಸಾಲು ಎಷ್ಟು ಉದ್ದ ಬೆಳೆಯಬಹುದು ಎಂಬುದನ್ನು 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿದ್ದವರು ಕಣ್ಣಾರೆ ಕಂಡರು. ಒಂದು ಚಕ್ರದಲ್ಲಿ ಸತತ 26 ಸಲ ಕಪ್ಪು ಬಂತು. ಇನ್ನು ಕೆಂಪು ಬರಲೇಬೇಕು ಎಂದು ಜನ ಮುಗಿಬಿದ್ದು ಕೆಂಪಿನ ಮೇಲೆ ಕಟ್ಟಿ ಅಪಾರ ಹಣ ಕಳೆದುಕೊಂಡರು. ನಮ್ಮ ನೂರು ರೂಪಾಯಿಯ ಆಟಗಾರ ಅಲ್ಲಿ ಮಿತಿಯಿಲ್ಲದ ಮೇಜಿನಲ್ಲಿ ಮೊದಲ ಕಪ್ಪಿನಿಂದಲೇ ಕೆಂಪಿಗೆ ಕಟ್ಟುತ್ತ ಬಂದಿದ್ದರೆ, 27ನೆಯ ಸುತ್ತಿಗೆ 671 ಕೋಟಿ ರೂಪಾಯಿ ಇಡಬೇಕಿತ್ತು. ಅದು ಗೆದ್ದರೆ ಅವನಿಗೆ ಸಿಗುವ ಒಟ್ಟು ಲಾಭ ನೂರು ರೂಪಾಯಿ.

ಈ ಹೆಸರು ಮುಂದೆ ಗಣಿತದೊಳಗೂ ಬಂತು. 1939ರಲ್ಲಿ ಫ್ರಾನ್ಸ್‌ನ ಜ್ಯಾಂ ವಿಲ್ ತನ್ನ ಪ್ರಬಂಧದಲ್ಲಿ ‘ಮಾರ್ಟಿಂಗೇಲ್’ ಪದವನ್ನು ಸಂಭವನೀಯತೆಯ ಶಾಸ್ತ್ರಕ್ಕೆ ತಂದ. ಅದನ್ನು ಪೂರ್ಣ ಸಿದ್ಧಾಂತವಾಗಿ ಬೆಳೆಸಿದ್ದು ಅಮೆರಿಕದ ಜೋಸೆಫ್ ಡೂಬ್. ಅವನ ಫಲಿತಾಂಶಗಳಲ್ಲೊಂದು ನಮ್ಮ ನಾಣ್ಯದ ಲೆಕ್ಕದ ಸಾಮಾನ್ಯ ರೂಪವೇ: ಸಮಸಮದ ಆಟದಲ್ಲಿ, ಸಾಲಕ್ಕೂ ಆಡುವ ಕಾಲಕ್ಕೂ ಒಂದು ಮೇಲ್ಮಿತಿ ಇರುವವರೆಗೆ, ಯಾವಾಗ ನಿಲ್ಲಿಸಬೇಕು ಎಂಬ ಯಾವ ನಿಯಮವೂ ಸರಾಸರಿ ಲಾಭ ತರದು. ಮಾರ್ಟಿಂಗೇಲ್ ಗೆಲ್ಲಬೇಕಾದರೆ ಕೊನೆಯಿಲ್ಲದ ಹಣ, ಕೊನೆಯಿಲ್ಲದ ಸಮಯ, ಕೊನೆಯಿಲ್ಲದೆ ಪಣ ತೆಗೆದುಕೊಳ್ಳುವ ಎದುರಾಳಿ ಎಲ್ಲವೂ ಬೇಕು.

ಮೊಬೈಲ್‌ನ ಬಣ್ಣದಾಟಗಳಿಗೆ ಬಂದರೆ ಪರಿಸ್ಥಿತಿ ರೂಲೆಟ್‌ಗಿಂತ ಕೆಟ್ಟದ್ದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಕದ್ದು ನಡೆಯುವ ಆಟಗಳಲ್ಲಿ ಬಣ್ಣ ಹೇಗೆ ನಿರ್ಧಾರವಾಗುತ್ತದೆ ಎಂದು ಆಡುವವನು ಪರೀಕ್ಷಿಸುವಂತಿಲ್ಲ. ಗೆದ್ದ ಹಣದಲ್ಲಿ ಶುಲ್ಕ ಮುರಿದುಕೊಳ್ಳುವ ಕಡೆ ಇಮ್ಮಡಿಸಿದರೆ ಹಳೆಯ ನಷ್ಟವೂ ಪೂರ್ತಿ ತೀರುವುದಿಲ್ಲ. ಅದಕ್ಕೇ ಕೆಲವು ಲೆವೆಲ್ ಪಟ್ಟಿಗಳು ಮುಮ್ಮಡಿಸಲು ಹೇಳುತ್ತವೆ: 100, 300, 900, 2,700, 8,100, 24,300, 72,900. ಏಳು ಲೆವೆಲ್‌ಗೆ ಬೇಕಾಗುವ ಮೊತ್ತ 1,09,300 ರೂಪಾಯಿ. ಆಟದಲ್ಲಿ ಯಾವ ಮೋಸವೂ ಇಲ್ಲವೆಂದೇ ಒಪ್ಪಿಕೊಂಡರೂ ಏಳು ಸಲ ಸತತ ಸೋಲುವ ಸಾಧ್ಯತೆ ನಾಣ್ಯದಲ್ಲಿದ್ದಷ್ಟೇ, 128ಕ್ಕೆ ಒಂದು.