ಟ್ರೇಲ್ ಶೂ, ರೋಡ್ ಶೂ: ಲಗ್, ಕುಶನ್, ರಾಕ್ ಪ್ಲೇಟ್

ರೋಡ್ ಶೂ ತಳ ಹೆಚ್ಚುಕಡಿಮೆ ಸಪಾಟಾಗಿರುತ್ತದೆ. ಡಾಂಬರಿಗೆ ರಬ್ಬರ್ ಅಗಲವಾಗಿ ತಾಗಿದರೆ ಹಿಡಿತ ಸಿಗುತ್ತದೆ, ಅಷ್ಟೇ. ಕಾಡು, ಗುಡ್ಡದ ಕಾಲುದಾರಿಯಲ್ಲಿ ಓಡಲು ಮಾಡಿದ ಟ್ರೇಲ್ ಶೂ ತಳದಲ್ಲಿ ಲಗ್‌ಗಳಿರುತ್ತವೆ, ಅಂದರೆ ಮಣ್ಣಿಗೆ ಇಳಿದು ಹಿಡಿಯುವ ರಬ್ಬರ್ ಹಲ್ಲುಗಳು. ಒಣಗಿದ ಗಟ್ಟಿ ದಾರಿಗೆ 3 ಮಿ.ಮೀ. ಉದ್ದದ ಲಗ್ ಸಾಕು. ಮಳೆಗಾಲದ ಮಲೆನಾಡಿನ ಕೆಸರಿಗೆ 5–6 ಮಿ.ಮೀ. ಬೇಕು, ಲಗ್‌ಗಳ ನಡುವೆ ಜಾಗವೂ ಇರಬೇಕು. ಒತ್ತೊತ್ತಾಗಿದ್ದರೆ ಜೇಡಿಮಣ್ಣು ಮೆತ್ತಿಕೊಂಡು ತಳವೇ ಸಪಾಟಾಗಿಬಿಡುತ್ತದೆ. ಆದರೆ ಒದ್ದೆ ಬಂಡೆಯ ಮೇಲೆ ಉದ್ದ ಲಗ್‌ನಿಂದ ಲಾಭವಿಲ್ಲ. ಅಲ್ಲಿ ತಾಗುವುದು ಲಗ್‌ಗಳ ತುದಿ ಮಾತ್ರ, ಹಿಡಿಯಬೇಕಾದದ್ದು ಮೆತ್ತನೆಯ ರಬ್ಬರ್.

ಕುಶನ್ ವಿಷಯ ಚಿಕ್ಕದು. ರಸ್ತೆಯಲ್ಲಿ ಪ್ರತಿ ಹೆಜ್ಜೆಯೂ ಒಂದೇ ತರಹ ಬೀಳುತ್ತದೆ, ಹಾಗಾಗಿ ಮೆತ್ತನೆಯ ದಪ್ಪ ಫೋಮ್ ನಡೆಯುತ್ತದೆ. ಬೇರು, ಕಲ್ಲುಗಳ ಮೇಲೆ ಅದೇ ಫೋಮ್ ಒಂದು ಕಡೆಗೆ ಕುಸಿದರೆ ಪಾದ ಹೊರಳುತ್ತದೆ. ತಳ ಎತ್ತರವಾದಷ್ಟೂ ಇದು ಜಾಸ್ತಿ. ಅದಕ್ಕೇ ಎಷ್ಟೋ ಟ್ರೇಲ್ ಶೂಗಳ ಫೋಮ್ ಸ್ವಲ್ಪ ಗಟ್ಟಿ, ತಳ ಅಗಲ.

ಈಗ ನಿಜವಾಗಿ ತಲೆ ತಿನ್ನುವ ಪ್ರಶ್ನೆ: ಫೋಮ್ ದಪ್ಪ ಇದ್ದರೆ ಕಲ್ಲು ಚುಚ್ಚಬಾರದು ಅಲ್ವಾ? ಚುಚ್ಚುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಓಡುವವರ ತೂಕ 60 ಕೆ.ಜಿ. ಓಡುವಾಗ ಪಾದದ ಮೇಲೆ ಬೀಳುವ ಭಾರ ತೂಕದ ಎರಡು ಪಟ್ಟು ದಾಟುತ್ತದೆ, 120 ಎಂದೇ ಹಿಡಿಯಿರಿ. ಅದರಲ್ಲಿ ಕಾಲು ಭಾಗ, 30 ಕೆ.ಜಿ., ಒಂದು ಚೂಪು ಕಲ್ಲಿನ ಮೇಲೆ ಬಿತ್ತು. ಕಲ್ಲಿನ ತುದಿ 1 ಚದರ ಸೆಂ.ಮೀ. ಮೆತ್ತನೆಯ ಫೋಮ್ ಆ ಜಾಗದಲ್ಲಷ್ಟೇ ಕುಗ್ಗುತ್ತದೆ, ಅಕ್ಕಪಕ್ಕದ ಫೋಮ್ ಸುಮ್ನೆ ಇರುತ್ತದೆ. ಅಲ್ಲಿ ಪೂರ್ತಿ ಕುಗ್ಗಿದ ಮೇಲೆ ಕಲ್ಲು ಪಾದಕ್ಕೇ ಸಿಗುತ್ತದೆ. ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇದ್ದರೆ, ಅದು ಅದೇ 30 ಕೆ.ಜಿ.ಯನ್ನು 15 ಚದರ ಸೆಂ.ಮೀ.ಗೆ ಹಂಚಿತು ಅನ್ನಿ, ಒಂದೊಂದಕ್ಕೆ ಬರುವುದು 2 ಕೆ.ಜಿ. ಮಾತ್ರ. ಭಾರ ಕಡಿಮೆಯಾಗಿಲ್ಲ, ಹರಡಿದೆ. ಈ ಹಾಳೆಯೇ ರಾಕ್ ಪ್ಲೇಟ್. ಹಿಮ್ಮಡಿಯಲ್ಲಿ ಫೋಮ್ ದಪ್ಪಗಿರುವುದರಿಂದ ಇದನ್ನು ಸಾಮಾನ್ಯವಾಗಿ ಮುಂಗಾಲಿನ ಕೆಳಗೆ ಇಡುತ್ತಾರೆ.

ರೇಸ್‌ಗೆ ಬರುವ ರೋಡ್ ಶೂಗಳ ಕಾರ್ಬನ್ ಪ್ಲೇಟನ್ನು ಇದರ ಜೊತೆ ಬೆರೆಸಬೇಡಿ. ಅದು ಮುಂದಕ್ಕೆ ಬಾಗಿದ ಬಿಗಿ ಪ್ಲೇಟ್, ಇರುವುದು ವೇಗಕ್ಕೆ. ರಾಕ್ ಪ್ಲೇಟ್ ಬೆರಳುಗಳ ಬುಡದಲ್ಲಿ ಬಾಗಲೇಬೇಕು, ಇಲ್ಲದಿದ್ದರೆ ಏರಿನಲ್ಲಿ ಕಾಲು ನೆಲಕ್ಕೆ ಹೊಂದುವುದಿಲ್ಲ.

ಅಂಗಡಿಯಲ್ಲಿ ಹೀಗೆ ನೋಡಿ. ಒಂದು ಕೈಯನ್ನು ಶೂ ಒಳಗಿಟ್ಟು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಮುಂಗಾಲಿನ ಕೆಳಗೆ, ಲಗ್‌ಗಳ ನಡುವೆ, ಜೋರಾಗಿ ಒತ್ತಿ. ಒಳಗಿನ ಬೆರಳಿಗೆ ಹೆಬ್ಬೆರಳಿನ ಆಕಾರವೇ ಸಿಕ್ಕರೆ ಪ್ಲೇಟ್ ಇಲ್ಲ. ಅಗಲವಾಗಿ ಮಂದವಾಗಿ ಒತ್ತಿದಂತಾದರೆ ಪ್ಲೇಟ್ ಇರಬಹುದು, ಅಥವಾ ಫೋಮೇ ಸಾಕಷ್ಟು ಗಟ್ಟಿಯಿರಬಹುದು. ಎರಡೂ ಕೆಲಸಕ್ಕೆ ಬರುತ್ತವೆ. ಎದುರಿನಿಂದ ಕಲ್ಲಿಗೆ ಎಡವಿದರೆ ಮಾತ್ರ ಪ್ಲೇಟ್‌ನಿಂದ ಏನೂ ಆಗದು. ಅದಕ್ಕೆ ಬೆರಳುಗಳ ಮುಂದೆ ಗಟ್ಟಿ ರಬ್ಬರ್ ಟೋ ಕ್ಯಾಪ್ ಇದೆಯೇ ಎಂದು ಬೇರೆಯಾಗಿ ನೋಡಬೇಕು.