ಮಲೆನಾಡಿನ ಒಡವೆ ಲೆಕ್ಕ: ಮೊದಲು ಮಳೆ, ಆಮೇಲೆ ಮಂಡಿ, ಕೊನೆಗೆ ಚಿನ್ನದ ದರ

2024ರ ಜುಲೈ 23ರಂದು ಕೇಂದ್ರ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕ ಶೇ 15ರಿಂದ ಶೇ 6ಕ್ಕೆ ಇಳಿಯಿತು. ಕೆಲವೇ ದಿನಗಳಲ್ಲಿ 10 ಗ್ರಾಂ ಮೇಲೆ ನಾಲ್ಕೈದು ಸಾವಿರ ರೂಪಾಯಿ ಕಡಿಮೆಯಾಯಿತು. ನಗರದವರಿಗೆ ಅದು ಕೊಳ್ಳುವ ಹೊತ್ತು. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಮಾತ್ರ ಅದು ಆಷಾಢ. ಜಡಿಮಳೆ ಬಿಡುವು ಕೊಟ್ಟಿರಲಿಲ್ಲ, ಅಡಿಕೆ ತೋಟಗಳಲ್ಲಿ ಕೊಳೆ ರೋಗ ಶುರುವಾಗಿತ್ತು. ಆ ತಿಂಗಳಲ್ಲಿ ಇಲ್ಲಿನ ಮನೆಗಳು ಒಡವೆ ಕೊಳ್ಳುವುದಿಲ್ಲ, ಅಡವಿಡುತ್ತವೆ.

ಟಿ.ವಿ.ಯಲ್ಲಿ ದಿನಾ ಬರುವ ಚಿನ್ನದ ದರಕ್ಕೂ ಹಳ್ಳಿಯ ಕೊಳ್ಳುವಿಕೆಗೂ ನೇರ ನಂಟಿಲ್ಲ ಎಂಬುದು ಈ ವ್ಯಾಪಾರದಲ್ಲಿ ಇರುವವರಿಗೆಲ್ಲ ಗೊತ್ತು. ಒಳ್ಳೆಯ ಮಳೆಯಾದರೆ ಬೆಳೆ ಚೆನ್ನಾಗಿ ಬರುತ್ತದೆ, ಬೆಳೆ ಬಂದರೆ ಚಿನ್ನ ಮಾರಾಟವಾಗುತ್ತದೆ ಎಂಬುದು ಅದಕ್ಕೆ ಕೊಡುವ ಸಾಮಾನ್ಯ ವಿವರಣೆ. ಬಯಲುಸೀಮೆಗೆ ಅದು ಸರಿ. ಮಲೆನಾಡಿಗೆ ಅಷ್ಟು ಸರಳವಲ್ಲ, ಏಕೆಂದರೆ ಇಲ್ಲಿ ಒಡವೆಯ ಹಣ ಬರುವುದು ಹೆಚ್ಚಾಗಿ ಅಡಿಕೆಯಿಂದ, ಮತ್ತು ಅಡಿಕೆಗೆ ಮಳೆ ಹೆಚ್ಚಾದರೂ ಕಷ್ಟ.

ಹಳೆಯದನ್ನು ಬೇಗ ಹೇಳಿ ಮುಗಿಸಬಹುದು. 1951ರ ಕಾಗೋಡಿನ ಗೇಣಿದಾರರ ಚಳವಳಿಯಿಂದ 1974ರ ಭೂಸುಧಾರಣೆಯವರೆಗಿನ ಹಾದಿಯಲ್ಲಿ ಗೇಣಿದಾರರು ಒಡೆಯರಾದರು, ಒಡವೆ ಮಾಡಿಸುವ ಮನೆಗಳು ಹೆಚ್ಚಾದವು. 1960ರ ದಶಕದ ಆರಂಭದಲ್ಲಿ ಶುರುವಾದ ಚಿನ್ನ ನಿಯಂತ್ರಣ 1990ರಲ್ಲಿ ರದ್ದಾಯಿತು. ಅಡಿಕೆ ತೋಟ ಗದ್ದೆಗಳಿಗೂ ಇಳಿಯಿತು. ಇವೆಲ್ಲ ಸೇರಿ ಅಡಿಕೆಯ ವರ್ಷ ಮತ್ತು ಒಡವೆಯ ವರ್ಷ ಒಂದೇ ಆದವು.

ಆ ವರ್ಷ ನಿಜವಾಗಿ ನಿರ್ಧಾರವಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಮಳೆ ಹಿಡಿಯುವ ಮುನ್ನ ಅಡಿಕೆ ಕೊನೆಗಳಿಗೆ ಮೊದಲ ಸಲ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯಬೇಕು: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಅದರ ಶಕ್ತಿ ಸುಮಾರು 40–45 ದಿನ. ಹಾಗಾಗಿ ಎರಡನೇ ಸಲ ಹೊಡೆಯುವ ಹೊತ್ತು ಬರುವುದು ಸರಿಯಾಗಿ ಜುಲೈ ಮಳೆಯ ನಡುವೆ. ಔಷಧಿ ಕಾಯಿಗೆ ಅಂಟಿ ಒಣಗಲು ಕೆಲವು ಗಂಟೆಯಾದರೂ ಮಳೆ ನಿಂತು ಹೊಳವಾಗಬೇಕು. ಮರ ಒದ್ದೆಯಿದ್ದರೆ ಕೊನೆಗಾರ ಹತ್ತುವಂತಿಲ್ಲ. ದೋಟಿಯಲ್ಲಿ ನೆಲದಿಂದಲೇ ಹೊಡೆದರೂ ಸುರಿವ ಮಳೆಯಲ್ಲಿ ಹೊಡೆದದ್ದು ತೊಳೆದು ಹೋಗುತ್ತದೆ. ವಾರಗಟ್ಟಲೆ ಹೊಳವು ಸಿಗದಿದ್ದರೆ ಕಾಯಿಯ ಮೇಲೆ ನೀರು ಕುಡಿದಂಥ ಕಡುಹಸಿರು ಮಚ್ಚೆ ಕಾಣುತ್ತದೆ, ಆಮೇಲೆ ಬಿಳಿ ಬೂಸು, ಆಮೇಲೆ ಉದುರು. ಬೆಳಿಗ್ಗೆ ತೋಟಕ್ಕೆ ಹೋದವರು ಮರದ ಬುಡದಲ್ಲಿ ಬಿದ್ದ ಕಾಯಿ ನೋಡಿಯೇ ಈ ವರ್ಷ ಮದುವೆ ಮಾಡುವುದೋ ಮುಂದೂಡುವುದೋ ಎಂದು ಯೋಚಿಸತೊಡಗುತ್ತಾರೆ. ಹಾಗಾಗಿ ಇಡೀ ಹಂಗಾಮಿನ ಒಟ್ಟು ಮಳೆ ಎಷ್ಟು ಮಿಲಿಮೀಟರ್ ಎಂಬ ಒಂದೇ ಅಂಕಿಯಿಂದ ಮಲೆನಾಡಿನ ಚಿನ್ನದ ಬೇಡಿಕೆ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ. ಬೇಕಾದದ್ದು ಮಳೆಯ ನಡುವಿನ ಬಿಡುವಿನ ಲೆಕ್ಕ.

ಇದು ರೂಪಾಯಿಯಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಎರಡು ಎಕರೆ ತೋಟ, ಒಣ ಅಡಿಕೆ 12 ಕ್ವಿಂಟಲ್, ದರ ಕ್ವಿಂಟಲ್‌ಗೆ 50 ಸಾವಿರ. ಬಂದದ್ದು 6 ಲಕ್ಷ. ಗೊಬ್ಬರ, ಔಷಧಿ, ಕೊಯ್ಲು, ಸುಲಿಗೆ, ಬೇಯಿಸಿ ಒಣಗಿಸುವುದು, ಮನೆ ಖರ್ಚು ಎಲ್ಲ ಸೇರಿ 3 ಲಕ್ಷ ಹೋಯಿತು ಎನ್ನಿ. ಕೈಯಲ್ಲಿ ಉಳಿದದ್ದು 3 ಲಕ್ಷ. ಕೊಳೆಯಲ್ಲಿ ಫಸಲಿನ ಮೂರನೇ ಒಂದು ಪಾಲು ಹೋದರೆ 8 ಕ್ವಿಂಟಲ್ ಉಳಿಯುತ್ತದೆ, ಬರುವುದು 4 ಲಕ್ಷ. ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. ಸುಲಿಗೆಯಲ್ಲಿ ಸ್ವಲ್ಪ ಉಳಿದರೆ ಹೆಚ್ಚುವರಿ ಔಷಧಿಗೆ ಅದು ಹೋಗುತ್ತದೆ. ಹಾಗಾಗಿ ಕೈಯಲ್ಲಿ ಉಳಿಯುವುದು 1 ಲಕ್ಷ. ಬೆಳೆ ಹೋದದ್ದು ಮೂರನೇ ಒಂದು ಪಾಲು, ಉಳಿತಾಯ ಹೋದದ್ದು ಮೂರನೇ ಎರಡು ಪಾಲು. ಈಗ ಗ್ರಾಂಗೆ 7 ಸಾವಿರ ಇದ್ದ ಚಿನ್ನ ಶೇ 5ರಷ್ಟು ಅಗ್ಗವಾಯಿತು ಎಂದುಕೊಳ್ಳಿ. 20 ಗ್ರಾಂ ಅವಲಕ್ಕಿ ಸರಕ್ಕೆ ಉಳಿಯುವುದು 7 ಸಾವಿರ ರೂಪಾಯಿ. 2 ಲಕ್ಷ ಕಳೆದುಕೊಂಡ ಮನೆಯನ್ನು ಆ 7 ಸಾವಿರ ಅಂಗಡಿಗೆ ಕರೆತರುವುದಿಲ್ಲ.

ಬೆಳೆ ಉಳಿದರೂ ಮಂಡಿಯ ದರ ಬಾಕಿ ಇರುತ್ತದೆ. 2014ರಿಂದ 2016ರವರೆಗಿನ ಕಾಲ ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿತು. 2014ರಲ್ಲಿ ರಾಶಿ ಎಂಬ ಬಗೆಯ ಅಡಿಕೆ ಕ್ವಿಂಟಲ್‌ಗೆ 80 ಸಾವಿರದ ಆಸುಪಾಸಿಗೆ ಏರಿತ್ತು. ಚಿನ್ನ ಆಗ ಗ್ರಾಂಗೆ 2,800 ರೂಪಾಯಿಯ ಹತ್ತಿರ. ಒಂದು ಕ್ವಿಂಟಲ್ ಮಾರಿದರೆ ಸುಮಾರು 28 ಗ್ರಾಂ. 2016ರ ಹೊತ್ತಿಗೆ ಅಡಿಕೆ 25 ಸಾವಿರದ ಮಟ್ಟಕ್ಕೆ ಕುಸಿಯಿತು. ಚಿನ್ನದ ದರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅದೇ ಕ್ವಿಂಟಲ್‌ಗೆ ಸಿಕ್ಕಿದ್ದು 9 ಗ್ರಾಂಗೂ ಕಡಿಮೆ. ಚಿನ್ನದ ದರಪಟ್ಟಿ ಮಾತ್ರ ನೋಡುವವರ ಕಣ್ಣಿಗೆ ಆ ಎರಡು ವರ್ಷಗಳಲ್ಲಿ ಏನೂ ಆಗಿರಲಿಲ್ಲ. ತೋಟದವರ ಪಾಲಿಗೆ ಚಿನ್ನ ಮೂರು ಪಟ್ಟು ದುಬಾರಿಯಾಗಿತ್ತು. ಏರಿದ ಅಡಿಕೆ ದರದ ಲಾಭವೂ ಎಲ್ಲರಿಗೂ ಸಿಗಲಿಲ್ಲ. 2014ರ ಏರಿಕೆ ಬಂದದ್ದು ಮಳೆಗಾಲದ ಕೊನೆಗೆ. ಸಾಲ ತೀರಿಸಲು ಬೇಸಿಗೆಯಲ್ಲೇ ಮಾರಿದವರ ಬಳಿ ಆಗ ಅಡಿಕೆಯೇ ಇರಲಿಲ್ಲ. ಮೂಟೆ ಇಟ್ಟುಕೊಳ್ಳುವ ತಾಕತ್ತಿದ್ದವರಿಗೆ ಮಾತ್ರ ಅದು ಒಡವೆಯಾಯಿತು.

ಹಣ ಕೈಗೆ ಬರುವ ಕ್ರಮವೂ ತಿಂಗಳನ್ನು ಕಟ್ಟಿಹಾಕುತ್ತದೆ. ಅಕ್ಟೋಬರ್‌ನಿಂದ ಜನವರಿಯವರೆಗೆ ಕೊಯ್ಲು. ಸುಲಿದು, ಚೊಗರಿನಲ್ಲಿ ಬೇಯಿಸಿ, ಚಪ್ಪರದ ಮೇಲೆ ಒಣಗಿಸಿ, ಅಡಿಕೆ ಬೆಳೆಗಾರರ ಸಹಕಾರ ಸಂಘ ಮಾಮ್‌ಕೋಸ್‌ಗೋ ಮಂಡಿಗೋ ಹಾಕಿ, ಹಳೆಯ ಮುಂಗಡ ಮುರಿದುಕೊಂಡು ಉಳಿದ ಹಣ ಬರುವ ಹೊತ್ತಿಗೆ ಮಾಘ, ಫಾಲ್ಗುಣ. ಮದುವೆಗಳು ಅಲ್ಲಿಂದ ಸಾಲುಗಟ್ಟುತ್ತವೆ. ತೋಟವಿಲ್ಲದ ಮನೆಗಳಿಗೂ ಇದೇ ಪಂಚಾಂಗ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವ ಹೆಂಗಸರ ಕೂಲಿ ಎರಡು ಮೂರು ತಿಂಗಳಲ್ಲಿ ಒಟ್ಟಾಗುತ್ತದೆ. ಒಂದು ಜೊತೆ ಓಲೆ, ಮೂಗುಬೊಟ್ಟು ಬರುವುದು ಆ ಹಣದಿಂದ. ಫಸಲು ಕಡಿಮೆಯಾದ ವರ್ಷ ಸುಲಿಗೆಯೂ ಕಡಿಮೆ. ಆ ನಷ್ಟ ಯಾವ ಬೆಳೆಹಾನಿ ಪಟ್ಟಿಯಲ್ಲೂ ಬರುವುದಿಲ್ಲ, ಬರಬೇಕಿತ್ತು.

ಹಾಗೆಂದು ಚಿನ್ನದ ದರಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಯಾವಾಗ ಕೊಳ್ಳುವುದು ಎಂಬುದನ್ನು ತೋಟ ಹೇಳುತ್ತದೆ, ಎಷ್ಟು ಗ್ರಾಂ ಎಂಬುದನ್ನು ದರ ಹೇಳುತ್ತದೆ. 2025ರಲ್ಲಿ ಚಿನ್ನ 10 ಗ್ರಾಂಗೆ ಲಕ್ಷ ದಾಟಿತು. ಆ ಅಕ್ಟೋಬರ್‌ನಲ್ಲಿ ರಾಶಿ 60 ಸಾವಿರದ ಆಸುಪಾಸಿನಲ್ಲಿದ್ದರೂ ಕ್ವಿಂಟಲ್‌ಗೆ ಸಿಗುತ್ತಿದ್ದದ್ದು 5 ಗ್ರಾಂ ಮಾತ್ರ. ಇಂಥ ಕಾಲದಲ್ಲಿ ಮನೆಗಳು ಹೊಸ ಒಡವೆ ಕೊಳ್ಳುವ ಬದಲು ಅಜ್ಜಿಯ ಬಳೆ ಕೊಟ್ಟು ಮೊಮ್ಮಗಳಿಗೆ ಸರ ಮಾಡಿಸುತ್ತವೆ. ಕರಗಿಸಿದ್ದರಲ್ಲಿ ಸವಕಳಿ, ಹೊಸದರಲ್ಲಿ ವೇಸ್ಟೇಜು, ಮಜೂರಿ ಎಂದು ಎರಡು ಕಡೆಯೂ ಕಳೆಯುತ್ತದೆ. ಆದರೂ ಮದುವೆ ನಿಲ್ಲುವುದಿಲ್ಲ.

ನನಗೆ ಆತಂಕ ತರುವುದು ಎಲೆಚುಕ್ಕಿ ರೋಗ. ಕೊಳೆ ಒಂದು ವರ್ಷದ ಕಾಯಿಯನ್ನು ತಿನ್ನುತ್ತದೆ. ಎಲೆಚುಕ್ಕಿ ಸೋಗೆಯನ್ನೇ ಒಣಗಿಸುವುದರಿಂದ ಮರ ಸೊರಗಿ ಮುಂದಿನ ವರ್ಷಗಳ ಫಸಲೂ ಇಳಿಯುತ್ತದೆ. ಅದರ ಪರಿಣಾಮ ಚಿನ್ನದಂಗಡಿಗಿಂತ ಮೊದಲು ಸೊಸೈಟಿಯ ಅಡವಿನ ಪುಸ್ತಕದಲ್ಲಿ ಕಾಣುತ್ತದೆ. ಔಷಧಿಗೆ, ಶಾಲೆಯ ಫೀಸಿಗೆ ಎಂದು ಜೂನ್‌ನಲ್ಲಿಟ್ಟ ಒಡವೆ ಸುಗ್ಗಿ ಮುಗಿದು ಫೆಬ್ರವರಿ, ಮಾರ್ಚ್‌ಗೆ ಮನೆಗೆ ಮರಳುವುದು ವಾಡಿಕೆ. ಮಾರ್ಚ್‌ನಲ್ಲೂ ಬರೀ ಬಡ್ಡಿ ಕಟ್ಟಿ ಅದೇ ಸರವನ್ನು ಮತ್ತೆ ಅಡವಿಡುವವರ ಸಂಖ್ಯೆ ಹೆಚ್ಚಿದರೆ, ಆ ಊರಿನಲ್ಲಿ ಆ ವರ್ಷ ಚಿನ್ನ ಎಷ್ಟೇ ಇಳಿದರೂ ವ್ಯಾಪಾರವಾಗುವುದಿಲ್ಲ.